ಬೆಳಕಿಂಡಿ ಉಸಿರಾಡುವ ಹೊತ್ತು

ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯ ಹಳೆಯ ಮಾಳಿಗೆ ಮನೆಗಳ ತಂಪಿನ ಬಗ್ಗೆ ಮಾತು ಬಂದಾಗಲೆಲ್ಲ ಒಂದು ವಿವರಣೆ ಸಿದ್ಧವಾಗಿರುತ್ತದೆ: ಬಿಸಿಗಾಳಿ ಹಗುರ, ಮೇಲೇರಿ ಬೆಳಕಿಂಡಿಯಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಬಾಗಿಲಿನಿಂದ ತಂಪುಗಾಳಿ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ, ಗಾಳಿ ಬೀಸದ ಒಂದು ಮಧ್ಯಾಹ್ನ, ಕೋಲಿನ ತುದಿಗೆ ಊದಿನಕಡ್ಡಿ ಕಟ್ಟಿ ಪಡಸಾಲೆಯ ಬೆಳಕಿಂಡಿಯ ಬಾಯಿಗೆ ಹಿಡಿದು ನೋಡಿ. ಹೊಗೆ ಹೊರಗೆ ಹೋಗುವುದಿಲ್ಲ, ನಿಮ್ಮ ತಲೆಯ ಮೇಲೇ ಇಳಿಯುತ್ತದೆ. ಅದೇ ಕಡ್ಡಿಯನ್ನು ರಾತ್ರಿ ಒಂಬತ್ತರ ಮೇಲೆ ಹಿಡಿದರೆ ನೂಲು ಎಳೆದಂತೆ ಮೇಲಕ್ಕೆ ಹೋಗುತ್ತದೆ. ಈ ಎರಡು ಹೊತ್ತಿನ ನಡುವಿನ ವ್ಯತ್ಯಾಸ ಗೊತ್ತಿದ್ದವರಿಗೆ ಮಾತ್ರ ಬೆಳಕಿಂಡಿ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮಾಳಿಗೆಯ ಕಟ್ಟಣೆ ಈ ಭಾಗದವರಿಗೆ ಹೊಸದಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಬಂಡೆ, ಮೇಲೆ ದಪ್ಪಗೆ ಮಣ್ಣು, ಕೊನೆಗೆ ಮಳೆನೀರು ಇಂಗದಂತೆ ಚೌಳು ಮಣ್ಣಿನ ಪದರ. ಗೋಡೆಯೂ ದಪ್ಪ. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಪಕ್ಕಕ್ಕೆ ಕಿಟಕಿ ಇಡುವ ಹಾಗಿಲ್ಲ. ಬೆಳಕಿಗೂ ಗಾಳಿಗೂ ಉಳಿದ ದಾರಿ ಮೇಲಿನದೊಂದೇ. ಹಾಗಾಗಿ ಜಂತಿಗಳ ನಡುವೆ ಅಡಿ, ಒಂದೂವರೆ ಅಡಿ ಅಗಲದ ಕಿಂಡಿ ಬಿಟ್ಟು, ಮಳೆನೀರು ನುಗ್ಗದಂತೆ ಸುತ್ತ ಕಟ್ಟೆ ಏರಿಸುತ್ತಿದ್ದರು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಚಪ್ಪಡಿಯನ್ನೋ ತಗಡನ್ನೋ ಎಳೆಯಬೇಕು.

ಇದರ ಹಿಂದಿನ ತತ್ವ ಬೆಲ್ಲದ ಗಾಣದ ಚಿಮಣಿಯದೇ. ಗಾಣದ ಒಲೆಯಲ್ಲಿ ಬಿಸಿಯಾದ ಗಾಳಿ ಚಿಮಣಿಯೊಳಗೆ ನಿಂತಾಗ ಅದರ ತೂಕ ಹೊರಗಿನ ಅಷ್ಟೇ ಎತ್ತರದ ಗಾಳಿಗಿಂತ ಕಡಿಮೆ. ಹೊರಗಿನ ಭಾರದ ಗಾಳಿ ಕೆಳಗಿನಿಂದ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಹಗುರ ಗಾಳಿ ತಾನಾಗಿ ಓಡುವುದಿಲ್ಲ, ಭಾರದ ಗಾಳಿ ಅದನ್ನು ಓಡಿಸುತ್ತದೆ. ಗಾಣದಲ್ಲಿ ಒಳಗೂ ಹೊರಗೂ ನೂರಾರು ಡಿಗ್ರಿ ಅಂತರವಿರುವುದರಿಂದ ಎಳೆತ ಜೋರು. ಮನೆಯಲ್ಲಿ ಸಿಗುವುದು ನಾಲ್ಕೈದು ಡಿಗ್ರಿ ಅಷ್ಟೇ.

ಅಷ್ಟರಿಂದ ಏನಾದೀತು ಎನ್ನುವುದಕ್ಕೆ ಒಂದು ಪಡಸಾಲೆಯ ಲೆಕ್ಕ ಹಾಕೋಣ. ಉದ್ದ 5 ಮೀಟರ್, ಅಗಲ 4 ಮೀಟರ್, ಎತ್ತರ 14 ಅಡಿ, ಅಂದರೆ ಸುಮಾರು 4.3 ಮೀಟರ್. ಮೇಲೆ ಒಂದೂವರೆ ಅಡಿ ಚೌಕದ ಬೆಳಕಿಂಡಿ, ಕೆಳಗೆ ತೆರೆದ ಬಾಗಿಲು. ರಾತ್ರಿ ಹೊರಗೆ 30 ಡಿಗ್ರಿ, ಒಳಗೆ 34. ಒಂದು ಘನ ಮೀಟರ್ ಗಾಳಿಯಲ್ಲಿ ಒಳಗೂ ಹೊರಗೂ ತೂಕದ ವ್ಯತ್ಯಾಸ ಹದಿನೈದು ಗ್ರಾಂ. ಗಾಳಿ ಕೆಳಗಿನಿಂದ ಮೇಲಕ್ಕೆ ಸಾಗುವ ಎತ್ತರವನ್ನು 4 ಮೀಟರ್ ಎಂದಿಟ್ಟುಕೊಂಡರೆ ಒಂದು ಚದರ ಮೀಟರಿಗೆ ಅರವತ್ತು ಗ್ರಾಂ. ಕಚೇರಿಯಲ್ಲಿ ಬಳಸುವ ಜೆರಾಕ್ಸ್ ಕಾಗದ ಚದರ ಮೀಟರಿಗೆ ಎಂಬತ್ತು ಗ್ರಾಂ ತೂಗುತ್ತದೆ. ಬೆಳಕಿಂಡಿಯನ್ನು ನಡೆಸುವ ಬಲ ಅದರ ಬಾಯಿ ಮುಚ್ಚುವಷ್ಟು ಅಗಲದ ಒಂದು ಹಾಳೆಯ ತೂಕಕ್ಕಿಂತ ಕಡಿಮೆ! ಆದರೂ ಆ ಕಿಂಡಿಯಿಂದ ಗಂಟೆಗೆ ಸುಮಾರು 450 ಘನ ಮೀಟರ್ ಗಾಳಿ ಹೊರಗೆ ಹೋಗುತ್ತದೆ. ಪಡಸಾಲೆಯಲ್ಲಿರುವುದು 86 ಘನ ಮೀಟರ್. ಹನ್ನೆರಡು ನಿಮಿಷಕ್ಕೊಮ್ಮೆ ಕೋಣೆ ತುಂಬುವಷ್ಟು ಹೊಸ ಗಾಳಿ, ಕರೆಂಟಿನ ಹಂಗಿಲ್ಲದೆ.

ಈ ಲೆಕ್ಕದಲ್ಲಿ ಮನೆ ಕಟ್ಟುವವರು ಗಮನಿಸಬೇಕಾದ ಒಂದು ಅಂಶವಿದೆ. ಎತ್ತರವನ್ನು ಇಮ್ಮಡಿ ಮಾಡಿದರೆ ಗಾಳಿ ಇಮ್ಮಡಿಯಾಗುವುದಿಲ್ಲ, ಒಂದಕ್ಕೆ 1.4ರಷ್ಟಾಗುತ್ತದೆ. ಕಿಂಡಿಯ ವಿಸ್ತೀರ್ಣ ಇಮ್ಮಡಿಯಾದರೆ, ಕೆಳಗಿನ ಬಾಯಿ ಅದಕ್ಕಿಂತ ಸಾಕಷ್ಟು ದೊಡ್ಡದಿದ್ದರೆ, ಗಾಳಿಯೂ ಹೆಚ್ಚುಕಡಿಮೆ ಇಮ್ಮಡಿ. ಗೋಡೆ ಏರಿಸುವುದಕ್ಕಿಂತ ಕಿಂಡಿ ಅಗಲ ಮಾಡುವುದು ಅಗ್ಗ. ಎತ್ತರದ ಕೋಣೆಗೆ ಬೇರೆ ಲಾಭವಿದೆ, ಬಿಸಿಗಾಳಿ ನಮ್ಮ ತಲೆಗಿಂತ ಮೇಲೆ ಕೂಡಿಕೊಳ್ಳುತ್ತದೆ. ಆದರೆ ಮೇಲೆ ಬಾಯಿಯಿಲ್ಲದ ಎತ್ತರ ಬರೀ ಉಗ್ರಾಣ.

ಇನ್ನು ಮಧ್ಯಾಹ್ನದ ಉಲ್ಟಾ ಹೊಗೆ. ಹೊರಗೆ 40 ಡಿಗ್ರಿ ಇದ್ದಾಗ ದಪ್ಪ ಮಣ್ಣಿನ ಮನೆಯೊಳಗೆ 34 ಇರಬಹುದು. ಆಗ ಭಾರದ ಗಾಳಿ ಒಳಗಿನದು. ಅದು ಬಾಗಿಲಿನಿಂದ ಹೊರಗೆ ಜಾರುತ್ತದೆ, ಖಾಲಿಯಾದ ಜಾಗಕ್ಕೆ ಮಾಳಿಗೆಯ ಮೇಲಿನ ಕಾದ ಗಾಳಿ ಬೆಳಕಿಂಡಿಯಿಂದ ಇಳಿಯುತ್ತದೆ. ಅಂದರೆ ನಡುಹಗಲು ತಂಪು ಕೊಡುವುದು ಚಿಮಣಿಯಲ್ಲ, ಮಣ್ಣು. ಒಂದಡಿ ಮಣ್ಣಿನ ಮೇಲ್ಛಾವಣಿ ಬಿಸಿಲಿನ ಕಾವನ್ನು ಒಳಗೆ ದಾಟಿಸಲು ಎಂಟು ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲು ಒಳಗೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಬೆಳಕಿಂಡಿಯ ಕೆಲಸ ಆಗ ಶುರು. ಹಗಲು ಕಿಂಡಿ, ಬಾಗಿಲು ಎರಡನ್ನೂ ಮುಚ್ಚಿ, ಹೊತ್ತು ಮುಳುಗಿ ಹೊರಗೆ ಒಳಗಿಗಿಂತ ತಂಪಾದ ಮೇಲೆ ತೆಗೆಯುವುದು ಸರಿಯಾದ ಕ್ರಮ.

ಅಡುಗೆಮನೆಗೆ ಈ ನಿಯಮ ಅನ್ವಯಿಸುವುದಿಲ್ಲ. ಒಲೆ ಉರಿಯುತ್ತಿದ್ದರೆ ಅದರ ಮೇಲಿನ ಗಾಳಿ ಹೊರಗಿನ 40 ಡಿಗ್ರಿಗಿಂತಲೂ ಬಿಸಿ, ನಡುಹಗಲಲ್ಲೂ ಮೇಲಕ್ಕೇ ಹೋಗುತ್ತದೆ. ಕಿಂಡಿ ಒಲೆಯ ನೆತ್ತಿಗೆ ನೇರವಾಗಿದ್ದರೆ ಇನ್ನೂ ಒಳ್ಳೆಯದು. ಹಳೆಯ ಅಡುಗೆಮನೆಯ ಜಂತಿಗಳ ಮೇಲಿನ ಮಸಿ ನೋಡಿ: ಗಾಳಿ ಸರಿಯಾಗಿ ಎಳೆಯುತ್ತಿದ್ದ ಕಡೆ ಮಸಿ ಕಿಂಡಿಯ ಬಾಯಿಯ ಸುತ್ತ ದಟ್ಟವಾಗಿರುತ್ತದೆ, ಎಳೆಯದ ಕಡೆ ಇಡೀ ಮಾಳಿಗೆಗೆ ಹರಡಿಕೊಂಡಿರುತ್ತದೆ.

ಇಷ್ಟು ಸೂಕ್ಷ್ಮ ಬಲದಿಂದ ನಡೆಯುವ ವ್ಯವಸ್ಥೆ ಕೆಡುವುದೂ ಸುಲಭ. ಕಳ್ಳರ ಭಯಕ್ಕೆ ರಾತ್ರಿ ಬಾಗಿಲು ಹಾಕಿ ಬೆಳಕಿಂಡಿ ಮಾತ್ರ ತೆರೆದಿಟ್ಟರೆ ಗಾಳಿಗೆ ಒಳಬರುವ ದಾರಿ ಇಲ್ಲ, ಹೊರಹೋಗುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಕೆಳಗೆ, ಮಂಚದ ಎತ್ತರದಲ್ಲಿ, ಸರಳು ಹಾಕಿದ ಕಿಟಕಿಯೊಂದು ತೆರೆದಿರಲೇಬೇಕು. ಸೊಳ್ಳೆ ಜಾಲರಿ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ. ಗಣಿಯ ಕೆಂಪು ಧೂಳು ಕೂರುವ ಸಂಡೂರಿನಂಥ ಊರಲ್ಲಿ ಜಾಲರಿಯ ಕಣ್ಣು ಬೇಗ ಮುಚ್ಚುತ್ತದೆ, ತಿಂಗಳಿಗೊಮ್ಮೆ ತೊಳೆಯದಿದ್ದರೆ ಇದ್ದೂ ಇಲ್ಲದ ಹಾಗೆ. ಆ ಧೂಳು ಒಂದು ಸುಳಿವನ್ನೂ ಕೊಡುತ್ತದೆ. ಬೆಳಕಿಂಡಿಯ ಜಾಲರಿಯ ಮೇಲ್ಮುಖಕ್ಕೆ ಕೆಂಪು ದಪ್ಪಗೆ ಕೂತಿದ್ದರೆ ಹಗಲಲ್ಲೂ ಅದನ್ನು ತೆರೆದೇ ಬಿಡುತ್ತಿದ್ದೀರಿ ಎಂದು ಅನುಮಾನಿಸಬಹುದು.

ಆರ್‌ಸಿಸಿ ಮನೆಗಳದು ಬೇರೆ ಕಷ್ಟ. ಹತ್ತು ಅಡಿ ಎತ್ತರ, ಬಾಗಿಲು ಕಿಟಕಿಗಳ ತಲೆ ಏಳು ಅಡಿಗೆ ಮುಗಿಯುತ್ತದೆ. ಮೇಲಿನ ಮೂರು ಅಡಿಯ ಬಿಸಿಗಾಳಿಗೆ ದಾರಿಯೇ ಇಲ್ಲ. ತೆಳು ಸ್ಲ್ಯಾಬು ಮೂರು ನಾಲ್ಕು ಗಂಟೆಯಲ್ಲೇ ಕಾವನ್ನು ಒಳಗೆ ಬಿಡುವುದರಿಂದ ಸಂಜೆಗೇ ಸುಡತೊಡಗುತ್ತದೆ. ಸ್ಲ್ಯಾಬಿನ ಕೆಳಗೆ ಒತ್ತಿದಂತೆ ವೆಂಟಿಲೇಟರ್ ಇಡುತ್ತಿದ್ದ ಪದ್ಧತಿಯನ್ನು ಬಿಟ್ಟದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ. ಫಾಲ್ಸ್ ಸೀಲಿಂಗ್ ಹೊಡೆಸುವವರು ಇದ್ದ ವೆಂಟಿಲೇಟರನ್ನೂ ಅದರೊಳಗೆ ಹೂತುಬಿಡುತ್ತಾರೆ.

ಹಳೆಯ ಬೆಳಕಿಂಡಿಗೆ ಮಳೆಯ ಕಾಟ ತಪ್ಪಿಸಲು ಈಗ ಗಾಜು ಕೂರಿಸಿ ಸಿಮೆಂಟಿನಿಂದ ಮೆತ್ತುವುದು ಸಾಮಾನ್ಯ. ಬೆಳಕು ಉಳಿಯುತ್ತದೆ, ಗಾಳಿ ಹೋಗುತ್ತದೆ, ಮೇಲಾಗಿ ಬಿಸಿಲು ನೇರ ಒಳಗೆ. ಗಾಜು ಬೇಕೇ ಬೇಕು ಎನ್ನುವವರು ಕಿಂಡಿಗಿಂತ ಅಗಲದ ಗಾಜನ್ನು ನಾಲ್ಕು ಮೂಲೆಗೆ ಇಟ್ಟಿಗೆ ನಿಲ್ಲಿಸಿ ಎತ್ತರದಲ್ಲಿ ಕೂರಿಸಿ. ಒಂದೂವರೆ ಅಡಿ ಚೌಕದ ಕಿಂಡಿಗೆ ಸುತ್ತ ನಾಲ್ಕೂವರೆ ಇಂಚು ಸಂದು ಬಿಟ್ಟರೆ ಕಿಂಡಿಯಷ್ಟೇ ವಿಸ್ತೀರ್ಣ ಸಿಗುತ್ತದೆ. ಇಟ್ಟಿಗೆ ಜಾಗ ತಿನ್ನುವುದರಿಂದ ಆರು ಇಂಚು ಬಿಡುವುದು ಲೇಸು. ಒಳಗಿನಿಂದ ಹಗ್ಗದಲ್ಲಿ ಎಳೆದು ಮುಚ್ಚುವ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನಕ್ಕೆ ಅದು ಬೇಕೇ ಬೇಕು.