ಹಣ ಕಟ್ಟಬೇಕಾ, ಉತ್ತರ ಕೊಡಬೇಕಾ? – ತೆರಿಗೆ ನೋಟಿಸೊಂದನ್ನು ಕನ್ನಡಕ್ಕೆ ತಂದ ಕಥೆ

2024ರ ಜೂನ್ ಕೊನೆಯ ವಾರ. ನಾವು ಸಂಘದ ಕೆಲವರು ಶನಿವಾರದ ಕಾಫಿಗೆ ಸೇರಿದ್ದಾಗ, ಊರಿನ ಕನ್ನಡ ಬಳಗದ ಒಬ್ಬರು ಆಂಟಿ ಒಂದು ದಪ್ಪ ಲಕೋಟೆ ಹಿಡಿದುಕೊಂಡು ಬಂದರು. ಅವರು ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಯಜಮಾನರು 2021ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಮನೆಯ ಕಾಗದಪತ್ರವೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಲಕೋಟೆಯಲ್ಲಿ ಐಆರ್‌ಎಸ್‌ನ, ಅಂದರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯ ನೋಟಿಸ್ ಇತ್ತು. ಆಂಟಿಯ ಕೈಚೀಲದಲ್ಲಿ ಚೆಕ್‌ಬುಕ್ಕೂ ಇತ್ತು. "ಎಷ್ಟು ಬರೀಬೇಕು ಅಂತ ಹೇಳ್ರಪ್ಪ, ಬರೆದು ಕಳಿಸಿಬಿಡ್ತೀನಿ" ಅಂದರು.

ನೋಟಿಸಿನ ಮೂಲೆಯಲ್ಲಿ ಸಿಪಿ 2000 ಎಂದು ಅಚ್ಚಾಗಿತ್ತು. ನಾವು ರಿಟರ್ನ್‌ನಲ್ಲಿ ಬರೆದ ಆದಾಯಕ್ಕೂ, ಬ್ಯಾಂಕು, ಬ್ರೋಕರು, ಕೆಲಸ ಕೊಟ್ಟವರು ಇಲಾಖೆಗೆ ಕಳಿಸಿದ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಬರುವ ಕಾಗದ ಇದು. ಮೊದಲ ಪುಟದಲ್ಲೇ ಒಂದು ಚೌಕ, ಅದರಲ್ಲಿ 2022ನೇ ವರ್ಷಕ್ಕೆ 1,704 ಡಾಲರ್ ತೆರಿಗೆ, ಬಡ್ಡಿ ಸೇರಿ ಸುಮಾರು 1,870. ಪಕ್ಕದಲ್ಲಿ ಒಂದು ತಾರೀಕು: ಜುಲೈ 17.

ಮೂವರು ಕೂತು ಅವತ್ತೇ ಅನುವಾದ ಮಾಡಿದೆವು. ವ್ಯಾಕರಣ ಸರಿಯಿತ್ತು, ಒಂದು ವಾಕ್ಯವನ್ನೂ ಬಿಟ್ಟಿರಲಿಲ್ಲ. ಆದರೂ ಅನುವಾದ ಕೆಟ್ಟಿತ್ತು. ಓದಿ ಮುಗಿಸಿದ ಆಂಟಿ ಮತ್ತೆ ಚೆಕ್‌ಬುಕ್ ತೆಗೆದರು!

ಎಲ್ಲಿ ತಪ್ಪಿದೆವು?

ನಮ್ಮ ಮೊದಲ ಕರಡಿನಲ್ಲಿ ಎಲ್ಲ ಕ್ರಿಯಾಪದಗಳೂ "ಬೇಕು" ಎಂದೇ ಮುಗಿದಿದ್ದವು. ಹಣ ಪಾವತಿಸಬೇಕು, ನಮೂನೆ ತುಂಬಬೇಕು, ಹಕ್ಕುಗಳ ಕರಪತ್ರ ಓದಬೇಕು, ಕಂತು ಬೇಕಿದ್ದರೆ ಅರ್ಜಿ ಹಾಕಬೇಕು. ಕನ್ನಡದಲ್ಲಿ "ಬೇಕು" ಬಹಳ ಕೆಲಸ ಮಾಡುವ ಪದ. "ಒಂದ್ಸಲ ಮನೆಗೆ ಬರಬೇಕು ನೀವು" ಅನ್ನುವುದೂ ಅದರಲ್ಲೇ, "ದಂಡ ಕಟ್ಟಬೇಕು" ಅನ್ನುವುದೂ ಅದರಲ್ಲೇ. ಮಾತಿನಲ್ಲಿ ದನಿ ನೋಡಿ ವ್ಯತ್ಯಾಸ ಗೊತ್ತಾಗುತ್ತದೆ. ಕಾಗದಕ್ಕೆ ದನಿ ಇಲ್ಲ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಆ ಚೌಕದ ತಲೆಬರಹವನ್ನು ನಾವು "ಪ್ರಸ್ತಾಪಿತ ಬದಲಾವಣೆಗಳು" ಎಂದು ಬರೆದಿದ್ದೆವು. ಪದ ಸರಿಯೇ. ಆದರೆ ಓದುವವರ ಕಣ್ಣು "ಪ್ರಸ್ತಾಪಿತ"ವನ್ನು ದಾಟಿ ನೇರ 1,870ಕ್ಕೆ ಹೋಗುತ್ತದೆ. ಸಿಪಿ 2000 ಬಿಲ್ ಅಲ್ಲ. "ನಮ್ಮ ಹತ್ತಿರ ಇರುವ ಮಾಹಿತಿ ಸರಿಯಿದ್ದರೆ ನಿಮ್ಮ ತೆರಿಗೆ ಇಷ್ಟಾಗುತ್ತದೆ, ನೀವೇನು ಹೇಳುತ್ತೀರಿ?" ಎಂದು ಇಲಾಖೆ ಕೇಳುತ್ತಿದೆ. ಅನುವಾದದಲ್ಲಿ ಎದ್ದು ಕಾಣಬೇಕಾಗಿದ್ದದ್ದು ಆ "ಸರಿಯಿದ್ದರೆ".

ಇದನ್ನು ವಿವರಿಸಿದ ಕೂಡಲೇ ಆಂಟಿ ಇನ್ನೊಂದು ತುದಿಗೆ ಹೋದರು. "ಓ, ಬಿಲ್ ಅಲ್ವಾ! ಹಾಗಾದ್ರೆ ಸುಮ್ನೆ ಇಟ್ಕೋಬಹುದು ಬಿಡಿ." ಅದು ಇನ್ನೂ ಅಪಾಯ. ಉತ್ತರ ಹೋಗದಿದ್ದರೆ ಇಲಾಖೆ ತನ್ನ ಲೆಕ್ಕವನ್ನೇ ಹಿಡಿದು ಮುಂದಿನ ನೋಟಿಸ್ ಕಳಿಸುತ್ತದೆ. ಆಮೇಲೆ ತೆರಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಲು 90 ದಿನ ಇರುತ್ತದೆ. ಅದೂ ಕಳೆದರೆ ಬಿಲ್ ಬರುತ್ತದೆ. ಹಾಗಾಗಿ ಈ ಕಾಗದದಲ್ಲಿ ಕಡ್ಡಾಯವಾದದ್ದು ಹಣವಲ್ಲ, ಉತ್ತರ. ಇಡೀ ನೋಟಿಸಿನಿಂದ ಒಂದೇ ವಾಕ್ಯ ಕನ್ನಡಕ್ಕೆ ಬರುವುದಾದರೆ ಬರಬೇಕಾದದ್ದು ಇದು.

ಕಡ್ಡಾಯವನ್ನು ಗುರುತಿಸುವುದು ಹೇಗೆ?

ಇಂಗ್ಲಿಷ್ ಕ್ರಿಯಾಪದ ನೋಡಿ ನಿರ್ಧರಿಸೋಣ ಎಂದು ಮೊದಲು ಅಂದುಕೊಂಡೆವು. ಅದು ನಡೆಯಲಿಲ್ಲ. ಇಲಾಖೆ ಕಡ್ಡಾಯದ ಮಾತನ್ನೂ "ಪ್ಲೀಸ್" ಸೇರಿಸಿ ಹೇಳುತ್ತದೆ. ಅದನ್ನು "ದಯವಿಟ್ಟು ತುಂಬಿ ಕಳಿಸಿ" ಎಂದು ಬರೆದರೆ ಕನ್ನಡದ ಓದುಗರಿಗೆ ವಿನಂತಿ ಅನ್ನಿಸುತ್ತದೆ, ಪುರುಸೊತ್ತು ಸಿಕ್ಕಾಗ ಮಾಡೋಣ ಅನ್ನಿಸುತ್ತದೆ.

ಕೊನೆಗೆ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆವು: ಇದನ್ನು ಮಾಡದಿದ್ದರೆ ಏನಾಗುತ್ತದೆ? ತಾರೀಕು ದಾಟಿದರೆ ಹಕ್ಕೋ ಹಣವೋ ಕೈಬಿಡುತ್ತದೆ ಅಂತಾದರೆ ಅದು ಕಡ್ಡಾಯ, ಅದಕ್ಕೆ "ಲೇಬೇಕು". ಒಂದು ಸಂದರ್ಭದಲ್ಲಿ ಮಾತ್ರ ಅನ್ವಯಿಸುವುದಾದರೆ, ಆ ಸಂದರ್ಭವನ್ನು ವಾಕ್ಯದ ಮೊದಲಿಗೇ ತಂದು "ಹೀಗಿದ್ದರೆ ಮಾತ್ರ" ಎಂದು ಬರೆದೆವು. ಏನೂ ಆಗುವುದಿಲ್ಲ ಅಂದರೆ ಅದು ಮಾಹಿತಿ. ಅದಕ್ಕೆ "ಬಹುದು" ಅಥವಾ "ತಿಳಿದಿರಲಿ".

ಇಲ್ಲಿ ಇನ್ನೊಂದು ಸಣ್ಣ ಪದ ನಮ್ಮನ್ನು ತಡೆಯಿತು. ನಾವು "ಜುಲೈ 17ರೊಳಗೆ ಕಳಿಸಿ" ಎಂದು ಬರೆದಿದ್ದೆವು. ನೋಟಿಸಿನಲ್ಲಿ ಇದ್ದದ್ದು ಆ ದಿನದೊಳಗೆ ಉತ್ತರ ತಮ್ಮ ಕೈಗೆ ಸೇರಬೇಕು ಎಂದು. ನಮ್ಮ ಕನ್ನಡ ನಂಬಿ 17ನೇ ತಾರೀಕು ಅಂಚೆಗೆ ಹಾಕಿದ್ದರೆ ಉತ್ತರ ತಡವಾಗಿಬಿಡುತ್ತಿತ್ತು. ಒಂದು ಕ್ರಿಯಾಪದಕ್ಕೆ ನಾಲ್ಕೈದು ದಿನದ ಬೆಲೆ!

ಆಂಟಿಯ ಲೆಕ್ಕ

ಹಣದ ವಿಷಯವೂ ನೋಡಬೇಕಲ್ಲ. ಯಜಮಾನರು 2009ರಲ್ಲಿ ತಮ್ಮೊಬ್ಬರ ಹೆಸರಿನಲ್ಲಿ ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ಕೊಂಡಿದ್ದರು. ಅವರ ನಂತರ ಅವು ಆಂಟಿಯ ಹೆಸರಿಗೆ ಬಂದವು. 2022ರಲ್ಲಿ ಆಂಟಿ ಅವನ್ನು 14,200 ಡಾಲರಿಗೆ ಮಾರಿದರು. ಮಾರಾಟದ ಲೆಕ್ಕದ ಪತ್ರ, ಅಂದರೆ ಫಾರ್ಮ್ 1099-ಬಿ, ಯಜಮಾನರ ಹಳೆಯ ಇಮೇಲಿಗೆ ಹೋಯಿತು. ಆಂಟಿ ಅದನ್ನು ನೋಡಲೇ ಇಲ್ಲ, ರಿಟರ್ನ್‌ನಲ್ಲಿ ಅದು ಸೇರಲೂ ಇಲ್ಲ.

2012ಕ್ಕಿಂತ ಮುಂಚೆ ಕೊಂಡ ಮ್ಯೂಚುವಲ್ ಫಂಡಿನ ಅಸಲನ್ನು ಇಲಾಖೆಗೆ ತಿಳಿಸಬೇಕೆಂಬ ಕಟ್ಟುಪಾಡು ಬ್ರೋಕರ್‌ಗೆ ಇಲ್ಲ. ಆದ್ದರಿಂದ ಇಲಾಖೆಗೆ ಗೊತ್ತಿದ್ದದ್ದು ಮಾರಿದ ಮೊತ್ತ ಮಾತ್ರ. ಅಸಲು ಸೊನ್ನೆ ಎಂದು ಹಿಡಿದು, ಪೂರ್ತಿ 14,200ನ್ನೂ ಆದಾಯ ಎಂದು ಎಣಿಸಿ, ಆಂಟಿಯ 12 ಶೇಕಡಾ ದರದಲ್ಲಿ 1,704 ಡಾಲರ್ ಎಂದು ಬರೆದಿತ್ತು.

ಆದರೆ ತೀರಿಕೊಂಡವರಿಂದ ಬಂದ ಆಸ್ತಿಗೆ ಸಾಮಾನ್ಯವಾಗಿ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಅಸಲು. ಆ ದಿನ ಯೂನಿಟ್‌ಗಳ ಬೆಲೆ 13,650 ಡಾಲರ್ ಇತ್ತು. ಅಂದರೆ ನಿಜವಾದ ಲಾಭ 550 ಮಾತ್ರ. ಹೀಗೆ ಬಂದ ಆಸ್ತಿಯ ಲಾಭವನ್ನು ದೀರ್ಘಾವಧಿಯ ಲಾಭ ಎಂದೇ ಪರಿಗಣಿಸುತ್ತಾರೆ. ಒಂಟಿಯಾಗಿ ರಿಟರ್ನ್ ಹಾಕುವವರ ತೆರಿಗೆಗೆ ಒಳಪಡುವ ಆದಾಯ 2022ರಲ್ಲಿ 41,675 ಡಾಲರ್ ದಾಟದಿದ್ದರೆ ಅಂಥ ಲಾಭಕ್ಕೆ ದರ ಸೊನ್ನೆ. ಆಂಟಿಯ ಆ ಆದಾಯ ಲಾಭವೂ ಸೇರಿ 22,550. ಚೆಕ್ ಬರೆಯಲು ಹೊರಟಿದ್ದದ್ದು 1,870ಕ್ಕೆ. ಕಟ್ಟಬೇಕಾಗಿದ್ದ ಕೇಂದ್ರ ತೆರಿಗೆ ಸೊನ್ನೆ.

ಈ ಲೆಕ್ಕ ನಾವು ಹಾಕಿದ್ದಲ್ಲ. ಇದು ಅನುವಾದದ ಗಡಿ ದಾಟಿದ ಮಾತು ಎಂದು ಗೊತ್ತಾದ ಕೂಡಲೇ, ಕಡಿಮೆ ಆದಾಯದವರಿಗೆ ತೆರಿಗೆ ತಕರಾರುಗಳಲ್ಲಿ ನೆರವಾಗುವ ಕ್ಲಿನಿಕ್‌ಗೆ ಆಂಟಿಯನ್ನು ಕರೆದುಕೊಂಡು ಹೋದೆವು. ಲೆಕ್ಕ ಅಲ್ಲಿಯವರದ್ದು, ಆಂಟಿಗೆ ಅದನ್ನು ಕನ್ನಡದಲ್ಲಿ ಹೇಳಿದ್ದಷ್ಟೇ ನಮ್ಮದು.

ಕೊನೆಗೆ ಉಳಿದ ಒಂದು ಪುಟ

ಹಲವು ಪುಟಗಳ ನೋಟಿಸಿನಿಂದ ಆಂಟಿಯ ಕೈಗೆ ಕೊಟ್ಟ ಕನ್ನಡದ ಹಾಳೆ ಹೀಗಿತ್ತು:

*ಮಾಡಲೇಬೇಕಾದದ್ದು*
- ನೋಟಿಸಿನ ಲೆಕ್ಕವನ್ನು ನಿಮ್ಮ 2022ರ ರಿಟರ್ನ್ ಜೊತೆ ಹೋಲಿಸಿ ನೋಡಲೇಬೇಕು.
- ಉತ್ತರದ ನಮೂನೆಯಲ್ಲಿ "ಒಪ್ಪುತ್ತೇನೆ" ಅಥವಾ "ಒಪ್ಪುವುದಿಲ್ಲ" ಎಂದು ಗುರುತು ಹಾಕಿ ಕಳಿಸಲೇಬೇಕು. ಅದು ಜುಲೈ 17ರೊಳಗೆ ಇಲಾಖೆಗೆ ಸೇರಿರಬೇಕು.

*ಹೀಗಿದ್ದರೆ ಮಾತ್ರ*
- ಒಪ್ಪದಿದ್ದರೆ: ಯಾಕೆ ಒಪ್ಪುವುದಿಲ್ಲ ಎಂದು ಬರೆದು, ಸಹಿ ಹಾಕಿ, ದಾಖಲೆ ಲಗತ್ತಿಸಬೇಕು.
- ಒಪ್ಪಿದರೆ: ಸಹಿ ಹಾಕಿ ಹಣ ಕಟ್ಟಬೇಕು. ಒಂದೇ ಸಲ ಕಟ್ಟಲು ಆಗದಿದ್ದರೆ ಕಂತು ಕೇಳಬಹುದು.
- ದಾಖಲೆ ಸೇರಿಸಲು ಸಮಯ ಸಾಲದಿದ್ದರೆ: ಗಡುವಿಗೆ ಮುಂಚೆ ಫೋನ್ ಮಾಡಿ ಇನ್ನಷ್ಟು ದಿನ ಕೇಳಬಹುದು.
- ಈ ತಿದ್ದುಪಡಿಯಿಂದ ರಾಜ್ಯದ ತೆರಿಗೆಯೂ ಬದಲಾಗುವುದಾದರೆ: ರಾಜ್ಯಕ್ಕೆ ಬೇರೆಯಾಗಿ ತಿಳಿಸಬೇಕು.

*ತಿಳಿದಿರಲಿ*
- ಕಟ್ಟಬೇಕಾದ ತೆರಿಗೆ ಇದ್ದರೆ ಅದರ ಮೇಲೆ ಬಡ್ಡಿ ಬೆಳೆಯುತ್ತಿರುತ್ತದೆ.
- ನಿಮ್ಮ ಪರವಾಗಿ ಮಾತಾಡಲು ಬೇರೆಯವರನ್ನು ನೇಮಿಸಬಹುದು. ನೇಮಿಸದಿದ್ದರೂ ತೊಂದರೆಯಿಲ್ಲ.
- ಈ ನೋಟಿಸಿಗೆ ಉತ್ತರ ಕೊಡಲು ತಿದ್ದುಪಡಿ ರಿಟರ್ನ್, ಅಂದರೆ 1040-ಎಕ್ಸ್, ಹಾಕುವ ಅಗತ್ಯವಿಲ್ಲ.
- ಜೊತೆಗಿರುವ ಕರಪತ್ರ ನಿಮ್ಮ ಹಕ್ಕುಗಳ ಬಗ್ಗೆ. ಬಿಡುವಾದಾಗ ಓದಿ.

ಹಣದ ಮೊತ್ತವನ್ನು ಹಾಳೆಯ ತಲೆಯಲ್ಲಿ ಬರೆಯಲಿಲ್ಲ, "ಒಪ್ಪಿದರೆ" ಎನ್ನುವ ಸಾಲಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದುಕೊಟ್ಟೆವು. ಪ್ರತಿ ಸಾಲಿನ ಎದುರಿಗೂ ಮೂಲದ ಪುಟಸಂಖ್ಯೆ ಹಾಕಿದೆವು. ಕ್ಲಿನಿಕ್‌ನವರು ಇಂಗ್ಲಿಷ್ ನೋಡುತ್ತಾ, ಆಂಟಿ ಕನ್ನಡ ನೋಡುತ್ತಾ ಒಂದೇ ಜಾಗದಲ್ಲಿ ಬೆರಳಿಡಲು ಅದು ಅನುಕೂಲವಾಯಿತು. ಅಡಿಯಲ್ಲಿ ಒಂದು ಸಾಲು: "ಇದು ಅರ್ಥವಾಗಲಿ ಎಂದು ಮಾಡಿದ ಕನ್ನಡ ಸಾರ. ಇಲಾಖೆಗೆ ಲೆಕ್ಕಕ್ಕೆ ಬರುವುದು ಇಂಗ್ಲಿಷ್ ಮೂಲ ಮಾತ್ರ."

ಆಂಟಿ "ಒಪ್ಪುವುದಿಲ್ಲ" ಎಂದು ಗುರುತು ಹಾಕಿದರು. ಕ್ಲಿನಿಕ್‌ನವರು ಮಾರಾಟದ ಲೆಕ್ಕ ತೋರಿಸುವ ಫಾರ್ಮ್ 8949 ಮತ್ತು ಶೆಡ್ಯೂಲ್ ಡಿ ತುಂಬಿದರು. ಯೂನಿಟ್‌ಗಳ ಆ ದಿನದ ಬೆಲೆ ತೋರಿಸುವ ಸ್ಟೇಟ್‌ಮೆಂಟ್, ಮರಣ ಪ್ರಮಾಣಪತ್ರ, ಸಹಿ ಮಾಡಿದ ಒಂದು ಪುಟದ ವಿವರಣೆ, ಎಲ್ಲ ಸೇರಿ ಜುಲೈ 9ಕ್ಕೆ ಹೋಯಿತು. ಲಾಭದ 550ರ ವಿಷಯ ರಾಜ್ಯದ ರಿಟರ್ನ್‌ನಲ್ಲಿ ಏನು ಮಾಡಬೇಕು ಅನ್ನುವುದನ್ನೂ ಅವರೇ ನೋಡಿಕೊಂಡರು. ಸೆಪ್ಟೆಂಬರ್ ಕೊನೆಗೆ ಸಿಪಿ 2005 ಬಂತು. ನಿಮ್ಮ ವಿವರಣೆ ಒಪ್ಪಿದ್ದೇವೆ, ವಿಚಾರಣೆ ಮುಗಿಸಿದ್ದೇವೆ ಎನ್ನುವ ಕಾಗದ ಅದು. ಅದರಲ್ಲಿ ಅನುವಾದ ಮಾಡಲು ಹೆಚ್ಚೇನೂ ಇರಲಿಲ್ಲ.

2024ರಲ್ಲಿ ರಿಟರ್ನ್ ಜೊತೆ ಶೆಡ್ಯೂಲ್ ಎಲ್‌ಇಪಿ ಎಂಬ ಹಾಳೆ ಲಗತ್ತಿಸಿ, ಇಲಾಖೆಯ ಕಾಗದಗಳನ್ನು ಬೇರೆ ಭಾಷೆಯಲ್ಲಿ ಕೇಳಿಕೊಳ್ಳಬಹುದಿತ್ತು. ಆ ಪಟ್ಟಿಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಇಂಥ ಲಕೋಟೆಗಳು ನಮ್ಮ ಶನಿವಾರದ ಕಾಫಿಗೆ ಇನ್ನೂ ಬರುತ್ತವೆ. ಬಂದಾಗ ನಾವೀಗ ಮೊದಲು ಹುಡುಕುವುದು ಮೊತ್ತವನ್ನಲ್ಲ, ತಾರೀಕನ್ನು; ಆಮೇಲೆ ಆ ತಾರೀಕಿಗೆ ಅವರು ಕೇಳುತ್ತಿರುವುದು ಹಣವೋ ಉತ್ತರವೋ ಅನ್ನುವುದನ್ನು. ಆಂಟಿಯ ಚೆಕ್‌ಬುಕ್ಕಿನಿಂದ ಕಲಿತ ಪಾಠ ಅದು.