ಕೊನೆಯ ಹತ್ತು ಲೀಟರಿನ ಲೆಕ್ಕ

ವಿದ್ಯುತ್ ಸ್ಥಾವರಗಳ ಬಾಯ್ಲರಿಗೆ ಲವಣಗಳಿಲ್ಲದ ನೀರು ಬೇಕು. ಆ ನೀರನ್ನು ಶುದ್ಧಮಾಡುವ ರಾಳದ ಮಣಿಗಳು ಬಳಸುತ್ತ ಹೋದಂತೆ ಸೋಲುತ್ತವೆ. ಆಗ ಒಂದು ಬಗೆಯ ಮಣಿಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದಲೂ ಇನ್ನೊಂದನ್ನು ಕಾಸ್ಟಿಕ್ ಸೋಡಾದಿಂದಲೂ ತೊಳೆಯುತ್ತಾರೆ. ತೊಳೆದ ನೀರೆಲ್ಲ ಒಂದೇ ತೊಟ್ಟಿಗೆ ಬಂದು ಸೇರುತ್ತದೆ. ಎರಡರ ಗಾತ್ರವೂ ಬೇರೆ, ಸಾರತೆಯೂ ಬೇರೆ. ಹಾಗಾದರೆ ತೊಟ್ಟಿಯ ಪಿಎಚ್ ಎಷ್ಟು?

ಒಂದು ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ 0.1 ಮೋಲ್ ಆಮ್ಲವಿರುವ 5000 ಲೀಟರ್ ನೀರಿಗೆ, ಲೀಟರಿಗೆ 0.15 ಮೋಲ್ ಕಾಸ್ಟಿಕ್ ಇರುವ 3000 ಲೀಟರ್ ಸೇರಿತೆನ್ನಿ. ಆಮ್ಲದ ಪಿಎಚ್ 1, ಕಾಸ್ಟಿಕ್‌ನದು ಸುಮಾರು 13.2. ಎರಡರ ಸರಾಸರಿ ತೆಗೆದರೆ 7.1 ಬರುತ್ತದೆ, ನೀರು ತಟಸ್ಥವಾಯಿತು ಅನ್ನಿಸುತ್ತದೆ. ಇದು ಪೂರ್ತಿ ತಪ್ಪು. ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ ಅದನ್ನು ಕೂಡಿ ಭಾಗಿಸುವಂತಿಲ್ಲ.

ಎಣಿಸಬೇಕಾದದ್ದು ಮೋಲ್‌ಗಳನ್ನು. ಆಮ್ಲದ ಕಡೆ 500 ಮೋಲ್ ಹೈಡ್ರೋಜನ್ ಅಯಾನು, ಕಾಸ್ಟಿಕ್ ಕಡೆ 450 ಮೋಲ್ ಹೈಡ್ರಾಕ್ಸೈಡ್. ಎರಡೂ ಪ್ರಬಲವಾದ್ದರಿಂದ ಒಂದಕ್ಕೊಂದು ಕೂಡಿ ನೀರಾಗುತ್ತವೆ. 50 ಮೋಲ್ ಆಮ್ಲ ಉಳಿಯುತ್ತದೆ. ಅದು ಈಗ ಹರಡಿರುವುದು 5000 ಲೀಟರಿನಲ್ಲಲ್ಲ, ಒಟ್ಟು 8000 ಲೀಟರಿನಲ್ಲಿ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಭಾಗಿಸಿದರೆ ಲೀಟರಿಗೆ 0.00625 ಮೋಲ್, ಅಂದರೆ ಪಿಎಚ್ 2.2. ಆಮ್ಲದ ಹತ್ತರಲ್ಲಿ ಒಂಬತ್ತು ಪಾಲು ಮುಗಿದರೂ ಪಿಎಚ್ ಏರಿದ್ದು ಬರೀ 1.2!

ಉಳಿದದ್ದನ್ನು ತಟಸ್ಥಗೊಳಿಸಲು ಅದೇ ಕಾಸ್ಟಿಕ್ 333 ಲೀಟರಿನಷ್ಟು ಬೇಕು. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. 330 ಲೀಟರ್ ಹಾಕಿ ನಿಲ್ಲಿಸಿದರೆ ಅರ್ಧ ಮೋಲ್ ಆಮ್ಲ ಉಳಿದು ಪಿಎಚ್ 4.2ರಲ್ಲಿರುತ್ತದೆ. 340 ಲೀಟರ್ ಹಾಕಿದರೆ ಒಂದು ಮೋಲ್ ಕಾಸ್ಟಿಕ್ ಹೆಚ್ಚಾಗಿ ಪಿಎಚ್ 10.1ಕ್ಕೆ ಜಿಗಿಯುತ್ತದೆ. ಮೊದಲ 3000 ಲೀಟರ್ ಮಾಡದ ಬದಲಾವಣೆಯನ್ನು ಈ ಹತ್ತು ಲೀಟರ್ ಮಾಡಿಬಿಡುತ್ತದೆ.

ಭಾರತದಲ್ಲಿ ನದಿ-ಕೆರೆಗಳಿಗೆ ಬಿಡುವ ತ್ಯಾಜ್ಯ ನೀರಿನ ಪಿಎಚ್ 5.5ರಿಂದ 9ರ ಒಳಗಿರಬೇಕೆಂಬುದು ಪರಿಸರ ನಿಯಮಗಳ ಸಾಮಾನ್ಯ ಮಿತಿ. ಮೇಲಿನ ಲೆಕ್ಕದಲ್ಲಿ ಆ ಇಡೀ ಮಿತಿಗೆ ಸಿಗುವ ಅವಕಾಶ ಮುಕ್ಕಾಲು ಲೀಟರಿನಷ್ಟು ಕಾಸ್ಟಿಕ್ ಮಾತ್ರ! ವಾಸ್ತವದಲ್ಲಿ ನೀರಿನೊಳಗಿನ ಬೈಕಾರ್ಬೊನೇಟ್ ಈ ಜಿಗಿತವನ್ನು ಸ್ವಲ್ಪ ತಡೆಯುತ್ತದೆ, ಆದರೆ ಅದನ್ನೇ ನಂಬಿ ಕೂರಲಾಗದು. ತೊಟ್ಟಿಯನ್ನು ಚೆನ್ನಾಗಿ ಕಲಕದಿದ್ದರೆ ಇನ್ನೊಂದು ಮೋಸವಿದೆ: ಮೀಟರಿನ ಕಡ್ಡಿ ಇರುವ ಮೂಲೆಯಲ್ಲಿ 7 ತೋರಿಸುವಾಗ ಎದುರು ಮೂಲೆಯಲ್ಲಿ ಆಮ್ಲ ಹಾಗೇ ಇರಬಹುದು.

ಆದ್ದರಿಂದ ಲೆಕ್ಕ ಹೇಳಿದ ಪ್ರಮಾಣಕ್ಕಿಂತ ತುಸು ಮೊದಲೇ ನಿಲ್ಲಿಸಿ, ಪಂಪಿನಿಂದ ನೀರನ್ನು ಸುತ್ತಿಸಿ, ಮೀಟರ್ ನೋಡಿ, ಉಳಿದದ್ದನ್ನು ಇನ್ನಷ್ಟು ತೆಳುಮಾಡಿದ ಕಾಸ್ಟಿಕ್‌ನಿಂದ ಮುಗಿಸುವುದೇ ಸರಿಯಾದ ಕ್ರಮ.