ಕಳೆಯಲೆಂದು ಎಳೆದ ಗೆರೆ

ಬಿ.ಕಾಂ. ತರಗತಿಯ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆಯಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಐದಾರು ವರ್ಷಗಳ ಮಾರಾಟದ ಅಂಕಿಗಳನ್ನು ಕೊಟ್ಟು, ಕನಿಷ್ಠ ವರ್ಗ ವಿಧಾನದಿಂದ ಸರಳರೇಖೆ ಹೊಂದಿಸಿ ಮುಂದಿನ ವರ್ಷದ ಮಾರಾಟವನ್ನು ಅಂದಾಜಿಸಿ ಎನ್ನುತ್ತಾರೆ. ಕೋಷ್ಟಕ ಹಾಕಿ, Y = a + bX ಎಂಬ ಸಮೀಕರಣದಲ್ಲಿ ಸಂಖ್ಯೆ ತುಂಬಿದರೆ ಉತ್ತರ ಬರುತ್ತದೆ. ಹತ್ತು ನಿಮಿಷದ ಈ ಲೆಕ್ಕದ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆಯಿದೆ. ಅದರಲ್ಲಿ ಬರುವವರು ಯಾರೂ ಅಂಗಡಿಯ ಮಾರಾಟವನ್ನು ಯೋಚಿಸಿ ಹೊರಟವರಲ್ಲ.

ವಿಧಾನ ಬಂದದ್ದು ಆಕಾಶ ನೋಡುವವರಿಂದ. 1805ರಲ್ಲಿ ಫ್ರಾನ್ಸಿನ ಲೆಜಾಂಡ್ರ್ ಧೂಮಕೇತುಗಳ ಕಕ್ಷೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಎಷ್ಟೇ ಎಚ್ಚರದಿಂದ ಅಳೆದರೂ ಅಳತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗಾದರೆ ಯಾವ ಕಕ್ಷೆಯನ್ನು ಒಪ್ಪಬೇಕು? ಪ್ರತಿ ಅಳತೆಯ ತಪ್ಪನ್ನು ವರ್ಗ ಮಾಡಿ ಕೂಡಿಸು, ಆ ಮೊತ್ತ ಯಾವುದಕ್ಕೆ ಅತಿ ಕಡಿಮೆಯೋ ಅದನ್ನು ಒಪ್ಪು ಎಂದು ಆತ ಪುಸ್ತಕದ ಅನುಬಂಧದಲ್ಲಿ ಬರೆದ. ಇದನ್ನು ನಾನು 1795ರಿಂದಲೇ ಬಳಸುತ್ತಿದ್ದೇನೆ ಎಂದು 1809ರಲ್ಲಿ ಗಾಸ್ ಹೇಳಿಕೊಂಡ. ಲೆಜಾಂಡ್ರ್ ಸಿಟ್ಟಾದ. ಆ ಜಗಳ ನಮಗೆ ಬೇಡ.

ರಿಗ್ರೆಷನ್ ಎಂಬ ಹೆಸರು ಬಂದದ್ದು ಬೇರೆ ಮನೆಯಿಂದ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರಗಳನ್ನು ಕಲೆಹಾಕಿ 1886ರಲ್ಲಿ ಪ್ರಕಟಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರಿಗೆ ಸಮಗಟ್ಟಿದ, ಆಮೇಲೆ ತಂದೆತಾಯಿಯ ಸರಾಸರಿ ತೆಗೆದ. ತಂದೆತಾಯಿ ಸಮಾಜದ ಸರಾಸರಿಗಿಂತ 3 ಇಂಚು ಎತ್ತರವಿದ್ದರೆ, ಮಕ್ಕಳು ಸರಾಸರಿಯಲ್ಲಿ 2 ಇಂಚು ಮಾತ್ರ ಎತ್ತರವಿದ್ದರು. ಗೆರೆಯ ಸ್ಲೋಪ್ ಮೂರರಲ್ಲಿ ಎರಡು ಪಾಲು. ಎತ್ತರದವರ ಮಕ್ಕಳು ಸರಾಸರಿಯತ್ತ ಸರಿಯುತ್ತಾರೆ ಎಂಬುದನ್ನೇ ಅವನು ರಿಗ್ರೆಷನ್ ಎಂದ.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಲೆಕ್ಕವನ್ನು ತಿರುಗಿಸಿ, ಮಕ್ಕಳ ಎತ್ತರದಿಂದ ತಂದೆತಾಯಿಯ ಎತ್ತರವನ್ನು ಊಹಿಸಲು ನೋಡಿದ. ಸ್ಲೋಪ್ ಒಂದೂವರೆ ಬರಬೇಕಿತ್ತು ಎಂದು ನಮಗೆ ಅನಿಸುತ್ತದೆ. ಬಂದದ್ದು ಮೂರರಲ್ಲಿ ಒಂದು ಪಾಲು! ನಮ್ಮ ಪರೀಕ್ಷೆಗಳಲ್ಲಿ ‘Y on X’, ‘X on Y’ ಎಂದು ಎರಡೆರಡು ರೇಖೆ ಕೇಳುವುದರ ಮೂಲ ಇಲ್ಲಿದೆ. ಜಾಹೀರಾತಿನ ಖರ್ಚಿನಿಂದ ಮಾರಾಟ ಊಹಿಸುವ ರೇಖೆಯನ್ನು ಹಿಂದುಮುಂದು ಮಾಡಿದರೆ ಮಾರಾಟದಿಂದ ಖರ್ಚು ಊಹಿಸುವ ರೇಖೆ ಸಿಗುವುದಿಲ್ಲ. ಅದನ್ನು ಬೇರೆಯಾಗಿಯೇ ಹೊಂದಿಸಬೇಕು.

ಗಾಲ್ಟನ್ ಗೆರೆಯನ್ನು ಕಣ್ಣಂದಾಜಿನಲ್ಲಿ ಎಳೆದಿದ್ದ. ಅದಕ್ಕೆ ಲೆಜಾಂಡ್ರ್‌ನ ವಿಧಾನವನ್ನು ಗಂಟು ಹಾಕಿದವನು ಉಡ್ನಿ ಯೂಲ್, 1897ರಲ್ಲಿ. ಇನ್ನು X ಜಾಗದಲ್ಲಿ ಕ್ಯಾಲೆಂಡರ್ ಕೂರಿಸುವುದೊಂದು ಬಾಕಿಯಿತ್ತು. ಆರ್. ಎಚ್. ಹೂಕರ್ 1901ರಲ್ಲಿ ಮದುವೆಗಳಿಗೂ ವ್ಯಾಪಾರಕ್ಕೂ ಇರುವ ನಂಟನ್ನು ಹುಡುಕಲು ಹೋದ. ವ್ಯಾಪಾರ ಚೆನ್ನಾಗಿರುವ ವರ್ಷ ಮದುವೆ ಹೆಚ್ಚೇ ಎಂಬುದು ಪ್ರಶ್ನೆ. ಆದರೆ ದಶಕಗಳುದ್ದಕ್ಕೂ ನಿಧಾನವಾಗಿ ಸಾಗುವ ಏರಿಳಿತ ವರ್ಷ ವರ್ಷದ ಏರಿಳಿತವನ್ನು ಮುಚ್ಚಿಹಾಕುತ್ತಿತ್ತು. ಒಂಬತ್ತು ವರ್ಷಗಳ ಚಲಿಸುವ ಸರಾಸರಿ ತೆಗೆದು, ಅದನ್ನು ಟ್ರೆಂಡ್ ಎಂದು ಕರೆದು, ಅಂಕಿಗಳಿಂದ ಕಳೆದುಬಿಟ್ಟ. 1919ರಲ್ಲಿ ಹಾರ್ವರ್ಡಿನ ವಾರನ್ ಪರ್ಸನ್ಸ್ ಕೂಡ ಇದನ್ನೇ ಮಾಡಿದ. ವ್ಯಾಪಾರದ ಅಂಕಿಗಳಿಗೆ ಸರಳರೇಖೆ ಹೊಂದಿಸಿ, ಅದನ್ನೂ ಋತುಮಾನದ ಏರಿಳಿತವನ್ನೂ ತೆಗೆದುಹಾಕಿ, ಉಳಿದ ಅಲೆಯನ್ನು ನೋಡುವುದು ಅವನ ಗುರಿ. ಟ್ರೆಂಡ್ ಎಂಬುದು ಹುಟ್ಟಿದ್ದೇ ಕಳೆಯಲು. ಅದನ್ನೇ ಮುಂದಕ್ಕೆ ಎಳೆದು ಭವಿಷ್ಯ ಕೇಳುವುದು ನಮ್ಮ ಪ್ರಶ್ನೆಪತ್ರಿಕೆಯ ರೂಢಿ.

ಕೇಳಲಿ, ತಪ್ಪೇನಿಲ್ಲ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳಿ. 2014ರಿಂದ 2019ರವರೆಗೆ ಮಾರಾಟ, ಲಕ್ಷ ರೂಪಾಯಿಗಳಲ್ಲಿ, 41, 47, 49, 57, 61, 66. ಅಂಕಿಗಳು ನಾನೇ ಹೆಣೆದವು. 2014, 2015 ಎಂದು X ಹಾಕಿದರೆ ವರ್ಗಗಳು ಲಕ್ಷಗಟ್ಟಲೆ ಆಗುತ್ತವೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದವರು ಅದಕ್ಕೊಂದು ಉಪಾಯ ಮಾಡಿದ್ದರು. ಮಧ್ಯದ ಬಿಂದುವನ್ನು ಸೊನ್ನೆ ಮಾಡಿದರೆ X ಮೊತ್ತ ಸೊನ್ನೆಯಾಗುತ್ತದೆ, ಆಗ a ಎಂದರೆ ಬರೀ ಸರಾಸರಿ. ಆರು ವರ್ಷಗಳಿಗೆ ಮಧ್ಯದ ವರ್ಷವೇ ಇಲ್ಲವಲ್ಲ, ಹಾಗಾಗಿ –5, –3, –1, 1, 3, 5 ಎಂದು ಬರೆಯುತ್ತಾರೆ.

ಮೊತ್ತ 321, ಅಂದರೆ a = 53.5. ಪ್ರತಿ ಮಾರಾಟವನ್ನು ಅದರ X ಜೊತೆ ಗುಣಿಸಿ ಕೂಡಿಸಿದರೆ 175, X ವರ್ಗಗಳ ಮೊತ್ತ 70. ಭಾಗಿಸಿದರೆ b = 2.5. ಸಮೀಕರಣ Y = 53.5 + 2.5X.

ಹೆಚ್ಚು ಮಂದಿ ಎಡವುವುದು ಇದಾದ ಮೇಲಿನ ಸಾಲಿನಲ್ಲಿ. ‘ಮಾರಾಟ ವರ್ಷಕ್ಕೆ 2.5 ಲಕ್ಷ ಏರುತ್ತಿದೆ’ ಎಂದು ಬರೆಯುತ್ತಾರೆ. ಒಂದು ವರ್ಷದಿಂದ ಮುಂದಿನ ವರ್ಷಕ್ಕೆ X ಎರಡು ಹೆಜ್ಜೆ ಹೋಗುತ್ತದೆ, ಹಾಗಾಗಿ 2.5 ಎಂಬುದು ಅರ್ಧ ವರ್ಷದ ಏರಿಕೆ, ಇಡೀ ವರ್ಷದ್ದು 5 ಲಕ್ಷ. ಅಂಕಿಗಳ ಮೇಲೆ ಕಣ್ಣಾಡಿಸಿದರೂ ಗೊತ್ತಾಗುತ್ತದೆ. 41ರಿಂದ 66ಕ್ಕೆ ಐದು ವರ್ಷಗಳಲ್ಲಿ 25 ಲಕ್ಷ ಏರಿದೆ, ವರ್ಷಕ್ಕೆ ಎರಡೂವರೆ ಆಗುವುದು ಹೇಗೆ? 2020ಕ್ಕೂ ಇದೇ ಎಚ್ಚರ ಬೇಕು. ಅದರ X 6 ಅಲ್ಲ, 7. ಅಂದಾಜು 53.5 + 17.5, ಅಂದರೆ 71 ಲಕ್ಷ. 53.5 ಎಂಬುದೂ ಯಾವ ವರ್ಷದ ಮಾರಾಟವೂ ಅಲ್ಲ, 2016ಕ್ಕೂ 2017ಕ್ಕೂ ನಡುವಿನ ಬಿಂದುವಿನಲ್ಲಿ ರೇಖೆಯ ಮಟ್ಟ.

ನಾನು ಮೇಷ್ಟ್ರಾಗಿದ್ದರೆ ಒಂದು ಉಪಪ್ರಶ್ನೆ ಸೇರಿಸುತ್ತಿದ್ದೆ: ರೇಖೆಗೂ ನಿಜ ಮಾರಾಟಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ಇಲ್ಲಿ ಅವು 0, 1, –2, 1, 0, 0. ಚಿಹ್ನೆಗಳು ಬೆರೆತಿವೆ, ಆದ್ದರಿಂದ ಸರಳರೇಖೆ ಒಪ್ಪಬಹುದು. ಎರಡು ತುದಿಗಳಲ್ಲಿ ಅಂಕಿಗಳು ರೇಖೆಗಿಂತ ಮೇಲೆ, ನಡುವೆ ಸಾಲಾಗಿ ಕೆಳಗೆ ಬಂದಿದ್ದರೆ ಮಾರಾಟ ಬಾಗುತ್ತಾ ಏರುತ್ತಿದೆ ಎಂದರ್ಥ. ಆಗ ಸರಳರೇಖೆಯ ಅಂದಾಜು ಪ್ರತಿ ವರ್ಷ ಇನ್ನಷ್ಟು ಕಡಿಮೆ ಬೀಳುತ್ತದೆ.

ವ್ಯತ್ಯಾಸಗಳು ಇಷ್ಟು ಚಿಕ್ಕವಾದರೂ ಕಾರಣದ ಬಗ್ಗೆ ರೇಖೆ ಏನೂ ಹೇಳುವುದಿಲ್ಲ. ಯೂಲ್ 1926ರಲ್ಲಿ ಇದನ್ನು ಸ್ವಲ್ಪ ತುಂಟತನದಿಂದಲೇ ತೋರಿಸಿದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1866ರಿಂದ 1911ರವರೆಗೆ ಚರ್ಚ್ ಆಫ್ ಇಂಗ್ಲೆಂಡ್ ವಿಧಿಯಂತೆ ನಡೆದ ಮದುವೆಗಳ ಪಾಲಿಗೂ ಸಾವಿನ ಪ್ರಮಾಣಕ್ಕೂ ಸಹಸಂಬಂಧ 0.95! ಎರಡೂ ಇಳಿಯುತ್ತಿದ್ದವು, ನಂಟು ಅಷ್ಟೇ. ಕಾಲದ ಜೊತೆ ಸಾಗುವ ಯಾವ ಎರಡು ಸಾಲುಗಳಿಗೂ ಹೀಗಾಗಬಹುದು. ನಮ್ಮ ಅಂಗಡಿಯಲ್ಲೂ X ಬರೀ ಕ್ಯಾಲೆಂಡರ್. ಬಟ್ಟೆ ಕೊಂಡದ್ದು ಜನ, ವರ್ಷವಲ್ಲ. ‘ವರ್ಷಕ್ಕೆ 5 ಲಕ್ಷ ಏರಿತ್ತು’ ಎನ್ನಬಹುದು, ‘ಏರುತ್ತದೆ’ ಎನ್ನಲು ಜನ ಹಾಗೆಯೇ ಬರುತ್ತಿರಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮದುವೆ ಸೀಸನ್ನಿನಲ್ಲೇ ಬಟ್ಟೆ ಅಂಗಡಿಗಳು ಬಾಗಿಲು ಹಾಕಿದವು. ನಮ್ಮ ಅಂಗಡಿಯವನ ವರ್ಷದ ಮಾರಾಟ 38 ಲಕ್ಷಕ್ಕೆ ಇಳಿಯಿತು ಎಂದುಕೊಳ್ಳಿ. ಮುನ್ನಂದಾಜಾಗಿ 71 ಕೆಟ್ಟಿತು. ಆದರೆ ಆ ವರ್ಷದ ಪೆಟ್ಟು ಎಷ್ಟು ಎಂದು ಬ್ಯಾಂಕಿನವರು ಕೇಳಿದರೆ ಹಿಂದಿನ ವರ್ಷದ 66ರಿಂದ 38 ಕಳೆದು 28 ಎನ್ನುವುದು ಕಡಿಮೆಯಾಯಿತು. 71ರಿಂದ ಕಳೆಯಬೇಕು, ಪೆಟ್ಟು 33 ಲಕ್ಷ. ಹೂಕರ್ ಮದುವೆಯ ಅಂಕಿಗಳ ಮೇಲೆ ಮಾಡಿದ್ದೂ ಇದೇ ಕಳೆಯುವ ಲೆಕ್ಕ.